ಉಳಿಸು, ಉಳಿಸಿ, ಉಳಿಯಲಿ

ಧರ್ಮ ಅಧ್ಯಯನ ವಿಭಾಗದಲ್ಲಿ ಅವಳನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಲವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಸೇರಿದ್ದಳು. ಸೇರಿದ ದಿನ ಕಚೇರಿಯ ಗುಮಾಸ್ತರು ಅವಳನ್ನು ಯಾರದೋ ತಾಯಿ ಎಂದುಕೊಂಡು, "ಮಗಳನ್ನೇ ಕಳಿಸಿ ಅಮ್ಮಾ, ಸಹಿ ಅವರೇ ಹಾಕ್ಬೇಕು" ಎಂದಿದ್ದರು. ಅದಾಗಿ ಆರು ವರ್ಷ. ಪ್ರಬಂಧ ಸಲ್ಲಿಸಿ ನಾಲ್ಕು ತಿಂಗಳು. ಆ ಸೋಮವಾರ ಬೆಳಿಗ್ಗೆ ಅದೇ ಗುಮಾಸ್ತರು ಫೋನ್ ಮಾಡಿ, "ಮೌಖಿಕ ಪರೀಕ್ಷೆ ಮುಂದಿನ ಬುಧವಾರ, ಹನ್ನೊಂದು ಗಂಟೆಗೆ, ಸಿಸ್ಟರ್. ಹೊರಗಿನ ಪರೀಕ್ಷಕರು ಒಪ್ಪಿದ್ದಾರೆ" ಅಂದಾಗ ಅವಳು ವಾರ್ಡಿನಲ್ಲಿ ಯಾರಿಗೋ ಬಿಪಿ ನೋಡುತ್ತಿದ್ದಳು. ರೋಗಿಯ ಬಿಪಿ ಸರಿಯಾಗಿತ್ತು. ಅವಳದ್ದೇ ಏರಿರಬೇಕು.

ಅವಳ ಪ್ರಬಂಧ ಆ ಆಸ್ಪತ್ರೆಯ ಮೌನದ ಕೋಣೆಯ ಬಗ್ಗೆ. ಎರಡನೇ ಮಹಡಿಯಲ್ಲಿ, ಎಕ್ಸ್‌ರೇ ವಿಭಾಗ ದಾಟಿದ ಮೇಲೆ ಒಂದು ಚಿಕ್ಕ ಕೋಣೆ. ಯಾವ ದೇವರ ಚಿತ್ರವೂ ಇಲ್ಲ, ಯಾವ ಮತದವರೂ ಬರಬಹುದು. ಆರು ಕುರ್ಚಿ, ಒಂದು ಚಾಪೆ, ಮೂಲೆಯ ಮೇಜಿನ ಮೇಲೆ ರೂಲು ಹಾಕಿದ ದಪ್ಪ ಪುಸ್ತಕ, ದಾರ ಕಟ್ಟಿದ ಪೆನ್ನು. ಜನ ಬಂದು ಆ ಪುಸ್ತಕದಲ್ಲಿ ತಮಗೆ ಬೇಕಾದದ್ದನ್ನು ಬರೆದು ಹೋಗುತ್ತಿದ್ದರು. ಆಸ್ಪತ್ರೆಯ ನೈತಿಕ ಸಮಿತಿಯ ಅನುಮತಿ ಪಡೆದು, ಮೇಜಿನ ಮೇಲೆ ಒಂದು ಸೂಚನೆ ಅಂಟಿಸಿ, ಮೂರು ವರ್ಷದ ಬರಹಗಳನ್ನು ಅವಳು ಪ್ರತಿ ಮಾಡಿಕೊಂಡಿದ್ದಳು. ತಾನು ಬರೆದದ್ದು ಅಧ್ಯಯನಕ್ಕೆ ಬೇಡ ಅನ್ನುವವರು ಮೂಲೆಯಲ್ಲಿ ಒಂದು ಗುಣಾಕಾರದ ಗುರುತು ಹಾಕಿದರೆ ಸಾಕಿತ್ತು. ಹಾಗೆ ಹಾಕಿದ ಎಪ್ಪತ್ತಮೂರನ್ನು ಬಿಟ್ಟು ಉಳಿದದ್ದು ಸಾವಿರದ ನೂರಾ ನಲವತ್ತು. ಅದರಲ್ಲಿ ನಾನೂರಾ ಹನ್ನೆರಡರಲ್ಲಿ ಯಾವ ದೇವರ ಹೆಸರೂ ಇರಲಿಲ್ಲ, 'ದೇವರೇ' ಅನ್ನುವ ಕರೆಯೂ ಇರಲಿಲ್ಲ. ಅವಳ ಪ್ರಬಂಧದ ಜೀವ ಇದ್ದದ್ದು ಅಲ್ಲಿಯೇ. ಐದನೇ ಅಧ್ಯಾಯದಲ್ಲಿ ಅವಳು ಅದಕ್ಕೆ 'ಯಾರನ್ನೂ ಕರೆಯದ ಪ್ರಾರ್ಥನೆ' ಎಂದು ಹೆಸರಿಟ್ಟಿದ್ದಳು. ಎಲ್ಲರಿಗೂ ಸೇರಿದ ಕೋಣೆಯಲ್ಲಿ ಕುಳಿತಾಗ ಮನುಷ್ಯರ ಪ್ರಾರ್ಥನೆಯಿಂದ ದೇವರ ಹೆಸರಷ್ಟೇ ಅಲ್ಲ, ಕೇಳಿಸಿಕೊಳ್ಳುವವನೇ ಜಾರಿಹೋಗುತ್ತಾನೆ ಎಂಬುದು ಅವಳ ವಾದ.

ಮಂಗಳವಾರ ಅವಳು ಮೇಷ್ಟ್ರ ಕೋಣೆಗೆ ಹೋದಳು. ಮೇಷ್ಟ್ರು ಅಂದರೆ ಅವಳ ಮಾರ್ಗದರ್ಶಕರು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ, ಪುಸ್ತಕಗಳ ಮಧ್ಯೆ ಕುರ್ಚಿಗೆ ಜಾಗ ಮಾಡಿಕೊಂಡು ಕೂತ ಸಣಕಲು ಮನುಷ್ಯ.

"ಪ್ರಶ್ನೆಗಳನ್ನ ಬರೆದುಕೊಂಡು ಬಂದಿದೀನಿ ಸಾರ್, ನೀವು ಹೇಳಿದ್ದ ಹಾಗೆ. ಮೂವತ್ತು" ಎಂದು ಹಾಳೆ ಮುಂದಿಟ್ಟಳು.

ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ಈ ವಿಷಯವನ್ನೇ ಏಕೆ ಆರಿಸಿಕೊಂಡಿರಿ? ನಿಮ್ಮ ಪ್ರಬಂಧದ ಮಹತ್ವವೇನು? ಮುಖ್ಯ ಫಲಿತಗಳೇನು? ಓದುತ್ತ ಓದುತ್ತ ಅವರ ಮುಖದಲ್ಲಿ ನಗು ಬಂತು.

"ಇವು ಪರೀಕ್ಷಕರು ಕೇಳಲಿ ಅಂತ ನೀವು ಕಾಯ್ತಿರೋ ಪ್ರಶ್ನೆಗಳು ಸಿಸ್ಟರ್. ಅವರು ಕೇಳೋದನ್ನ ಬರೀರಿ ಅಂದಿದ್ದೆ ನಾನು. ಕೇಳ್ದೇ ಇದ್ರೆ ಸಾಕಪ್ಪ ಅನ್ನಿಸುತ್ತಲ್ಲ, ಅಂಥವು. ಯಾವ ಪುಟ ಬಂದ್ರೆ ನೀವು ಬೇಗ ತಿರುವಿ ಹಾಕ್ತೀರೋ ಆ ಪುಟದಲ್ಲಿ ಹುಡುಕಿ."

ಅಂಥ ಪುಟಗಳು ಯಾವುವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೇಷ್ಟ್ರು ಡ್ರಾಯರಿನಿಂದ ಒಂದು ಕಟ್ಟು ಬಿಳಿ ಚೀಟಿ ತೆಗೆದುಕೊಟ್ಟರು. "ಒಂದು ಚೀಟೀಲಿ ಒಂದೇ ಪ್ರಶ್ನೆ. ಪ್ರಬಂಧದ ಯಾವ ಪುಟಕ್ಕೆ ತಾಗುತ್ತೆ ಅಂತ ಮೂಲೇಲಿ ಬರೀರಿ. ವ್ಯಾಪ್ತಿಗೆ ಒಂದು ಗುಂಪು, ವಿಧಾನಕ್ಕೆ ಒಂದು, ಸಿದ್ಧಾಂತಕ್ಕೆ ಒಂದು. ಉತ್ತರ ಬಾಯಿಪಾಠ ಮಾಡ್ಬೇಡಿ, ಮುಖ ನೋಡಿದ್ರೇ ಗೊತ್ತಾಗುತ್ತೆ. ಮೊದಲು ಪ್ರಶ್ನೆ ನ್ಯಾಯವಾದದ್ದಾ ನೋಡಿ. ನ್ಯಾಯವಾಗಿದ್ರೆ ಒಪ್ಪಿಕೊಳ್ಳಿ. ಒಪ್ಪಿಕೊಂಡ ಮೇಲೂ ಪ್ರಬಂಧದಲ್ಲಿ ಏನು ನಿಲ್ಲುತ್ತೆ ಅಂತ ಹೇಳಿ. ಪುಟ ತೋರಿಸಿ. ಆಮೇಲೆ ಬಾಯಿ ಮುಚ್ಚಿ. ಈ ಕೊನೇದು ಎಲ್ಲಕ್ಕಿಂತ ಕಷ್ಟ."

ಮೂರು ದಿನ ಅವಳು ಬಸ್ಸಿನಲ್ಲಿ, ಡ್ಯೂಟಿಯ ಊಟದ ಬಿಡುವಿನಲ್ಲಿ, ಕುಕ್ಕರ್ ಕೂಗುವುದನ್ನು ಕಾಯುತ್ತ ಚೀಟಿ ಬರೆದಳು. ತನ್ನ ಪ್ರಬಂಧವನ್ನು ಯಾರೋ ಆಗದವರು ಓದಿದಂತೆ ಓದಿದಳು. ಒಂದೇ ಆಸ್ಪತ್ರೆ ಏಕೆ? ಮೂರೇ ವರ್ಷ ಏಕೆ? ಪುಸ್ತಕದಲ್ಲಿ ಬರೆದವರು ಸಿಕ್ಕರು, ಬಂದು ಕಣ್ಣುಮುಚ್ಚಿ ಕೂತು ಏನೂ ಬರೆಯದೆ ಎದ್ದು ಹೋದವರೆಲ್ಲಿ? ಓದುಬರಹ ಬಾರದವರೆಲ್ಲಿ? ಪ್ರಾರ್ಥನೆಗೆಂದೇ ಇಟ್ಟ ಕೋಣೆಯಲ್ಲಿ ಪ್ರಾರ್ಥನೆ ಸಿಕ್ಕಿತು ಎನ್ನುವುದರಲ್ಲಿ ಆಶ್ಚರ್ಯವೇನು? ಆಸೆಯಿಂದ ಬರೆದದ್ದೆಲ್ಲ ಧರ್ಮವಾದರೆ ಧರ್ಮವಲ್ಲದ್ದು ಯಾವುದು? ಕೊನೆಯದನ್ನು ಮಡಚಿ ಎಲ್ಲಕ್ಕಿಂತ ಕೆಳಗಿಟ್ಟಳು. ಆಮೇಲೆ ತನಗೇ ನಾಚಿಕೆಯಾಗಿ ತೆಗೆದು ಮೇಲಿಟ್ಟಳು.

ಶುಕ್ರವಾರ ಮಧ್ಯಾಹ್ನ ವಿಭಾಗದ ಚಿಕ್ಕ ತರಗತಿಯಲ್ಲಿ ಅಣಕು ಪರೀಕ್ಷೆ. ಪರೀಕ್ಷಕರ ಜಾಗದಲ್ಲಿ ಮೇಷ್ಟ್ರು ಮತ್ತು ಆದರಕ್ಕ.

ಆದರಕ್ಕ ವಿಭಾಗದಲ್ಲಿ ಪಾಠ ಮಾಡುತ್ತಿದ್ದವಳು. ಯಾರು ಏನು ಹೇಳಿದರೂ "ಆದರೆ" ಎಂದೇ ಅವಳ ಮಾತು ಶುರುವಾಗುತ್ತಿದ್ದುದರಿಂದ ವಿದ್ಯಾರ್ಥಿಗಳು ಆ ಹೆಸರಿಟ್ಟಿದ್ದರು. ಅವಳಿಗೂ ಅದು ಗೊತ್ತಿತ್ತು. ವಯಸ್ಸಿನಲ್ಲಿ ಸಿಸ್ಟರಿಗಿಂತ ಹತ್ತು ವರ್ಷ ಚಿಕ್ಕವಳಾದರೂ ಸಿಸ್ಟರ್ ಕೂಡ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಆದರಕ್ಕ ಯಾರ ಅಣಕು ಪರೀಕ್ಷೆಗೂ ಕರೆಯದೆಯೇ ಬರುತ್ತಿದ್ದಳು. ಅವಳ ಮುಂದೆ ಅತ್ತವರು ಇಬ್ಬರು, ಎದ್ದು ಹೋದವನು ಒಬ್ಬ ಎಂದು ಲೆಕ್ಕ ಹೇಳುವವರಿದ್ದರು.

ಮೊದಲ ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಒಂದೇ ಆಸ್ಪತ್ರೆ ಏಕೆ ಎಂಬುದಕ್ಕೆ ಸಿಸ್ಟರ್, "ಹೌದು, ಒಂದೇ. ಎಲ್ಲ ಆಸ್ಪತ್ರೆಗಳಲ್ಲೂ ಹೀಗೇ ಅಂತ ನಾನು ಎಲ್ಲೂ ಹೇಳಿಲ್ಲ, ಪುಟ ಹದಿನೇಳು. ಒಂದೇ ಕೋಣೆಯನ್ನ ಮೂರು ವರ್ಷ ಬಿಡದೆ ನೋಡಿದ್ರೆ ಏನು ಕಾಣುತ್ತೆ ಅನ್ನೋದಷ್ಟೇ ನನ್ನ ಪ್ರಶ್ನೆ" ಎಂದು ಬಾಯಿ ಮುಚ್ಚಿದಳು. ಮೇಷ್ಟ್ರು ತಲೆದೂಗಿದರು.

"ಆದರೆ," ಎಂದಳು ಆದರಕ್ಕ, "ನೀವು ಅಲ್ಲಿ ನರ್ಸ್. ಜನ ನಿಮ್ಮನ್ನ ಸಂಶೋಧಕಿ ಅಂತ ನೋಡಿದ್ರೋ ನರ್ಸ್ ಅಂತ ನೋಡಿದ್ರೋ?"

ಇದು ಚೀಟಿಯಲ್ಲಿತ್ತು. ಸಿಸ್ಟರ್ ಸಿದ್ಧಪಡಿಸಿಕೊಂಡ ಉತ್ತರ ಒಪ್ಪಿಸಲು ಹೊರಟವಳು ತಡೆದಳು. ಏನೋ ನೆನಪಾಗಿ ಬೇರೆಯದನ್ನೇ ಹೇಳಿದಳು.

"ಮೊದಲ ನಾಲ್ಕು ತಿಂಗಳು ನಾನು ಡ್ಯೂಟಿ ಮಧ್ಯೆ ಯೂನಿಫಾರಂನಲ್ಲೇ ಹೋಗಿ ಕೂರ್ತಿದ್ದೆ ಅಕ್ಕ. ಒಂದಿನ ಒಬ್ಬರು ಚಾಪೆ ಮೇಲೆ ಮಂಡಿಯೂರಿ ಕೂತಿದ್ರು. ನನ್ನ ನೋಡಿದ್ದೇ ತಡ, ದಡಬಡ ಎದ್ದು, 'ಕರೆದ್ರಾ ಸಿಸ್ಟರ್? ಆಪರೇಷನ್ ಮುಗೀತಾ?' ಅಂದ್ರು. ಪ್ರಾರ್ಥನೆ ನಾನೇ ಕೆಡಿಸಿದ್ದೆ. ಅವತ್ತಿಂದ ರಜೆ ದಿನ, ಮನೆ ಬಟ್ಟೇಲಿ ಮಾತ್ರ ಹೋದೆ. ಆ ನಾಲ್ಕು ತಿಂಗಳ ಟಿಪ್ಪಣಿ ಬಿಟ್ಟುಬಿಟ್ಟೆ."

"ಪ್ರಬಂಧದಲ್ಲಿ ಎಲ್ಲಿದೆ ಇದು?"

"ಅಡಿಟಿಪ್ಪಣಿ. ಒಂದು ಸಾಲು."

"ಇಷ್ಟೊಳ್ಳೆ ಉತ್ತರಾನ ಅಡಿಟಿಪ್ಪಣೀಲಿ ಬಚ್ಚಿಟ್ಟಿದೀರಲ್ಲ!" ಎಂದು ಮೇಷ್ಟ್ರು ಮೇಜು ತಟ್ಟಿದರು. "ತಪ್ಪು ಮಾಡಿದ್ದು, ಕಂಡುಕೊಂಡದ್ದು, ಬದಲಾಯಿಸಿದ್ದು. ವಿಧಾನ ಅಂದ್ರೆ ಇದೇ ಅಲ್ವಾ? ಬುಧವಾರ ಇದನ್ನೇ ಹೇಳಿ."

ಸಿಸ್ಟರಿಗೆ ಮೈ ಹಗುರವಾಯಿತು. ಪರವಾಗಿಲ್ಲ, ಗೆದ್ದೆ ಅನ್ನಿಸಿತು. ಆದರಕ್ಕ ಅಷ್ಟರಲ್ಲಿ ಪ್ರಬಂಧದ ಕೊನೆಯ ಅನುಬಂಧ ತೆರೆದಿದ್ದಳು. ಬರಹಗಳ ಪ್ರತಿಗಳಿದ್ದ, ಯಾರೂ ಓದಲಿಕ್ಕಿಲ್ಲ ಎಂದು ಸಿಸ್ಟರ್ ನಂಬಿದ್ದ ಭಾಗ ಅದು.

"ಆದರೆ, ಇದೊಂದು ಓದ್ತೀನಿ ಕೇಳಿ. 'ಅಪ್ಪನನ್ನು ಉಳಿಸು.' ಇಷ್ಟೇ ಇದೆ. ಇದನ್ನ ನೀವು ಯಾರನ್ನೂ ಕರೆಯದ ಪ್ರಾರ್ಥನೆ ಅಂತ ಎಣಿಸಿದೀರಿ."

"ಹೌದು ಅಕ್ಕ. ದೇವರ ಹೆಸರಿಲ್ಲ. ಕರೆಯೂ ಇಲ್ಲ."

"ಉಳಿಸು. ಯಾರು?"

"ಅಂದ್ರೆ?"

"ಉಳಿಸು ಅಂದ್ರೆ ನೀನು ಉಳಿಸು. ಆ 'ನೀನು' ಕ್ರಿಯಾಪದದ ಒಳಗೇ ಕೂತಿದೆ. ನಮ್ಮ ಭಾಷೇಲಿ ಅದನ್ನ ಬೇರೆ ಹೇಳೋ ಅಗತ್ಯಾನೇ ಇಲ್ಲ. 'ಬಾ' ಅಂದ್ರೆ ಯಾರಾದ್ರೂ 'ಯಾರು ಬರ್ಬೇಕು' ಅಂತ ಕೇಳ್ತಾರಾ? ಮುಂದಿನದು ನೋಡಿ. 'ನನ್ನ ಮಗಳನ್ನು ದಯವಿಟ್ಟು ಉಳಿಸಿ.' ಉಳಿಸಿ. ಬಹುವಚನ. ಇದು ದೇವರಿಗಾ, ಡಾಕ್ಟರಿಗಾ? ದೇವರನ್ನ ನೀನು ಅನ್ನೋರು ಡಾಕ್ಟರನ್ನ ನೀನು ಅಂತಾರಾ? ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿ, ಕೇಳಿಸಿಕೊಳ್ಳೋನೇ ಇಲ್ಲ ಅಂತ ಸಿದ್ಧಾಂತ ಕಟ್ಟಿದೀರಿ. ನೀವು ದೇವರು ಜಾರಿಹೋದ ಅಂತಿರೋ ಕಡೆ ಬರೀ ವ್ಯಾಕರಣ ಇದೆಯೇನೋ ಅಂತ ನನ್ನ ಅನುಮಾನ."

ಸಿಸ್ಟರ್ ಅನುಬಂಧವನ್ನು ತನ್ನ ಕಡೆ ಎಳೆದುಕೊಂಡಳು. ಆರು ವರ್ಷ ಆ ಸಾಲುಗಳನ್ನು ನೂರು ಸಲ ಓದಿದ್ದಳು. ಪ್ರತಿ ಸಲವೂ ಹೆಸರು ಹುಡುಕಿದ್ದಳೇ ಹೊರತು ಕ್ರಿಯಾಪದದ ಬಾಲ ನೋಡಿರಲಿಲ್ಲ. ಮೇಷ್ಟ್ರ ಕಡೆ ತಿರುಗಿದಳು. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು.

"ನಾನೂ ನೋಡಿಲ್ಲ ಸಿಸ್ಟರ್," ಎಂದರು. "ನಾಲ್ಕು ಸಲ ಓದಿದೀನಿ. ನನ್ನ ಕಣ್ಣಿಗೂ ಬಿದ್ದಿಲ್ಲ."

ಯಾವುದೋ ನೆವ ಹೇಳಿ ಅವಳು ಹೊರಗೆ ಬಂದಳು. ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ನಿಂತಳು. ಕೆಳಗೆ ಮಾಲಿ ಪೈಪಿನಿಂದ ಹುಲ್ಲಿಗೆ ನೀರು ಬಿಡುತ್ತಿದ್ದ. ಕಣ್ಣಲ್ಲಿ ನೀರು ತುಂಬಿದ್ದರಿಂದ ಎಲ್ಲವೂ ಕಲಸಿಹೋಗಿತ್ತು. ಸಿಟ್ಟು ಬಂದದ್ದು ಆದರಕ್ಕನ ಮೇಲೆ. ಪ್ರಬಂಧ ಸಲ್ಲಿಸಿಯಾಗಿದೆ, ಒಂದಕ್ಷರ ತಿದ್ದುವಂತಿಲ್ಲ, ಪರೀಕ್ಷೆಗೆ ಐದು ದಿನ ಇದೆ. ಈಗ ಹೇಳಿ ಯಾವ ಪುರುಷಾರ್ಥ?

ಆದರಕ್ಕ ಎರಡು ಲೋಟ ಚಹಾ ಹಿಡಿದು ಹಿಂದೆಯೇ ಬಂದಳು. ಒಂದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ನನ್ನ ಪರೀಕ್ಷೇಲಿ ಏನಾಯ್ತು ಅಂತ ಯಾರಾದ್ರೂ ಹೇಳಿದಾರಾ ನಿಮಗೆ?"

ಸಿಸ್ಟರ್ ಇಲ್ಲವೆಂದು ತಲೆಯಾಡಿಸಿದಳು.

"ನಾನು ಅಣಕು ಪರೀಕ್ಷೆ ಮಾಡ್ಕೊಂಡಿದ್ದೆ, ಗೆಳತಿಯರ ಜೊತೆ. ಎಲ್ಲರೂ ಅದ್ಭುತ ಅಂದ್ರು. ಪರೀಕ್ಷಕರು ಎರಡನೇ ಪ್ರಶ್ನೇಲೇ ನನ್ನ ಸಿದ್ಧಾಂತದ ಬುಡಕ್ಕೆ ಕೈ ಹಾಕಿದ್ರು. ನಲವತ್ತು ನಿಮಿಷ ಅದೊಂದೇ ಪ್ರಶ್ನೆ, ತಿರುಗಿಸಿ ತಿರುಗಿಸಿ. ನನಗೆ ಅದು ಅವತ್ತೇ ಮೊದಲ ಸಲ ಕಂಡದ್ದು. ಪ್ರಬಂಧ ವಾಪಸ್ ಬಂತು, ಒಂದು ವರ್ಷ ಪೂರ್ತಿ ಹೊಸದಾಗಿ ಬರೆದೆ. ವರ್ಷ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಆ ನಲವತ್ತು ನಿಮಿಷ ನಾನು ಒಬ್ಬಳೇ ಇದ್ದೆ ನೋಡಿ, ಅದು ಬೇಜಾರು." ಅವಳು ಚಹಾ ಕುಡಿದಳು. "ನಿಮ್ಮ ಪ್ರಶ್ನೆ ನಿಮಗೆ ಶುಕ್ರವಾರವೇ ಸಿಕ್ತು. ಅಷ್ಟೇ ನನ್ನ ಕೈಲಿ ಆಗೋದು."

ಸಿಟ್ಟು ಇಳಿಯಲು ಹೊತ್ತು ಬೇಕಾಯಿತು. ಚಹಾ ಮುಗಿಯುವಷ್ಟರಲ್ಲಿ ಇಳಿದಿತ್ತು.

ಮನೆಯಲ್ಲಿ ಅವಳ ಗಂಡ ಎಲ್ಲವನ್ನೂ ಕೇಳಿಸಿಕೊಂಡ. ಅವನು ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುವವನು. ಮೂವತ್ತು ವರ್ಷ ಬೇರೆಯವರ ಅಕ್ಷರ ತಿದ್ದಿ ತಿದ್ದಿ, ಮದುವೆಯ ಕಾಗದ ಕೈಗೆ ಬಂದರೂ ಮೊದಲು ಕಾಗುಣಿತ ನೋಡುವ ಮನುಷ್ಯ.

"ಎಣಿಸೋಣ," ಎಂದ ಅವನು.

"ಏನನ್ನ?"

"ಉಳಿಸು ಎಷ್ಟು, ಉಳಿಸಿ ಎಷ್ಟು ಅಂತ. ಅನುಮಾನ ಇಟ್ಕೊಂಡು ಯಾಕೆ ಕೊರಗ್ತೀಯ? ನಾನೂರಾ ಹನ್ನೆರಡು ತಾನೇ? ಭಾನುವಾರ ಒಂದಿನ ಸಾಕು."

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಇಬ್ಬರೂ ಊಟದ ಮೇಜಿನ ಮೇಲೆ ಅನುಬಂಧ ಹರಡಿಕೊಂಡು ಕೂತರು. ಅವನು ಓದುವುದು, ಅವಳು ಗೆರೆ ಎಳೆಯುವುದು. ಅವನು ಕೆಲಸದ ದನಿಯಲ್ಲೇ, ಒಂದೇ ಸಮನೆ ಓದುತ್ತಿದ್ದ. ಅಮ್ಮನ ನೋವು ಕಡಿಮೆ ಮಾಡು. ಏಕವಚನ. ದಯವಿಟ್ಟು ಏನಾದರೂ ಮಾಡಿ. ಬಹುವಚನ. ಹೀಗೆ ನೂರು ದಾಟಿದ ಮೇಲೆ ಅವನ ದನಿ ನಿಧಾನವಾಯಿತು.

"ಇದೊಂದು ನೋಡು. 'ಬೇಗ ಏಳು. ಮನೆಗೆ ಹೋಗೋಣ.' ಏಕವಚನಾನೇ. ಆದ್ರೆ ಇದು ದೇವರಿಗೆ ಹೇಳಿದ್ದಲ್ಲ ಕಣೇ. ಹಾಸಿಗೆ ಮೇಲೆ ಮಲಗಿರೋರಿಗೆ."

ಅವಳು ಪೆನ್ನು ಕೆಳಗಿಟ್ಟಳು. ಇದೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅದಕ್ಕೊಂದು ಬೇರೆ ಕಾಲಂ ಹಾಕಿದಳು. ಇನ್ನೂ ಸ್ವಲ್ಪ ಹೋದ ಮೇಲೆ ಇನ್ನೊಂದು ಕಾಲಂ ಬೇಕಾಯಿತು.

"'ಅಣ್ಣನಿಗೆ ನಿದ್ದೆ ಬರಲಿ.'" ಅವನು ಓದಿ ತಲೆಯೆತ್ತಿದ. "ಬರಲಿ. ಇದ್ರಲ್ಲಿ ನೀನೂ ಇಲ್ಲ, ನೀವೂ ಇಲ್ಲ."

"ಇನ್ನೊಂದ್ಸಲ ಓದ್ರಿ."

"ಅಣ್ಣನಿಗೆ ನಿದ್ದೆ ಬರಲಿ."

ಅದನ್ನು ಬರೆದವರು ಯಾರನ್ನೂ ಕೇಳಿರಲಿಲ್ಲ. ಆಜ್ಞೆಯಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಬರಲಿ, ಇರಲಿ, ಉಳಿಯಲಿ. ಅವಳು ಆರು ವರ್ಷದಿಂದ ಹೇಳಲು ಹೊರಟದ್ದು ನಿಜವಾಗಿ ಇದ್ದದ್ದು ಈ ಸಾಲುಗಳಲ್ಲಿ.

ಸಂಜೆ ನಾಲ್ಕಕ್ಕೆ ಎಣಿಕೆ ಮುಗಿಯಿತು. ಏಕವಚನದಲ್ಲಿ ಕೇಳಿದ್ದು ಇನ್ನೂರಾ ಮೂವತ್ತೊಂದು. ಅದರಲ್ಲಿ ನಲವತ್ತು ರೋಗಿಗೇ ಹೇಳಿದ್ದೆಂದು ಸ್ಪಷ್ಟ. ಬಹುವಚನದಲ್ಲಿ ಕೇಳಿದ್ದು ತೊಂಬತ್ತಾರು. ಅವು ಡಾಕ್ಟರಿಗೋ, ಮುಂದೆ ಆ ಪುಸ್ತಕ ತೆರೆಯುವವರಿಗೋ, ದೇವರನ್ನೂ ನೀವು ಎನ್ನುವವರ ದೇವರಿಗೋ, ಖಚಿತವಾಗಿ ಹೇಳುವಂತಿರಲಿಲ್ಲ. ಯಾರಿಗೂ ಅಲ್ಲದ್ದು ಎಂಬತ್ತೈದು. ಅವಳ ನಾನೂರಾ ಹನ್ನೆರಡು ಎಂಬತ್ತೈದಕ್ಕೆ ಇಳಿದಿತ್ತು.

"ಮುಖ ಯಾಕೆ ಸಣ್ಣ ಮಾಡ್ಕೋತೀಯ?" ಎಂದ ಗಂಡ. "ಎಂಬತ್ತೈದು ಸುಳ್ಳಲ್ಲವಲ್ಲ."

ಅವಳು ಅವನನ್ನು ನೋಡಿದಳು. ಅವನ ಎಡಗಣ್ಣು ಕೆಂಪಾಗಿತ್ತು. ವಾರಕ್ಕೊಂದೇ ರಜೆಯ ದಿನವನ್ನು ಅವನು ಊರಿನವರ ನೋವನ್ನೆಲ್ಲ ಒಂದೊಂದೇ ಸಾಲಾಗಿ ಓದಿ ಕಳೆದಿದ್ದ, ಅವಳಿಗಾಗಿ. ಥ್ಯಾಂಕ್ಸ್ ಅನ್ನುವುದು ಅವರ ಮಧ್ಯೆ ರೂಢಿಯಿರಲಿಲ್ಲ. ಎದ್ದು ಹೋಗಿ ಒದ್ದೆ ಬಟ್ಟೆ ತಂದು ಅವನ ಕಣ್ಣಿನ ಮೇಲಿಟ್ಟು, ಹತ್ತು ನಿಮಿಷ ಹಾಗೇ ಒರಗಿ ಕೂರುವಂತೆ ಹೇಳಿದಳು.

ಸೋಮವಾರ ಎಣಿಕೆಯ ಹಾಳೆಯನ್ನು ಮೇಷ್ಟ್ರಿಗೆ ತೋರಿಸಿದಳು. ಅವರು ಬಹಳ ಹೊತ್ತು ನೋಡಿದರು.

"ಪರೀಕ್ಷಕರು ಇದನ್ನ ಕೇಳಬಹುದು, ಕೇಳದೇನೂ ಇರಬಹುದು. ಅವರು ಸಿದ್ಧಾಂತದ ಮನುಷ್ಯ, ಅನುಬಂಧ ಓದ್ತಾರೆ ಅಂತ ಹೇಳೋಕಾಗಲ್ಲ. ಕೇಳಿದ್ರೆ ಈ ಹಾಳೆ ಇಡಿ. ಕೇಳದಿದ್ರೆ..." ಅವರು ಹಾಳೆ ವಾಪಸ್ ಕೊಟ್ಟರು. "ಕೇಳದಿದ್ರೆ ನೀವೇನು ಮಾಡ್ತೀರಿ ಅಂತ ನಾನು ಹೇಳಲ್ಲ. ಪ್ರಬಂಧ ನಿಮ್ಮದು. ಏನು ಮಾಡಿದ್ರೂ ನಾನು ಪಕ್ಕದಲ್ಲಿ ಕೂತಿರ್ತೀನಿ."

ಬುಧವಾರ ಹನ್ನೊಂದಕ್ಕೆ ಸಭಾಕೋಣೆಯ ಉದ್ದ ಮೇಜಿನ ಒಂದು ಕಡೆ ಅವಳು, ಎದುರು ಇಬ್ಬರು ಪರೀಕ್ಷಕರು. ಹೊರಗಿನಿಂದ ಬಂದವರು ಬೆಳ್ಳಿ ಗಡ್ಡದ, ಮೆತ್ತಗಿನ ಮಾತಿನ ಪ್ರೊಫೆಸರ್. ಒಳಗಿನ ಪರೀಕ್ಷಕಿ ಸಮಾಜಶಾಸ್ತ್ರ ವಿಭಾಗದವರು. ಮೇಷ್ಟ್ರು ಗೋಡೆಯ ಪಕ್ಕದ ಕುರ್ಚಿಯಲ್ಲಿ. ಅವರು ಮಾತಾಡುವಂತಿರಲಿಲ್ಲ.

ಒಂದೊಂದೇ ಚೀಟಿ ಎದ್ದುಬಂದು ಕೂತಂತೆ ಪ್ರಶ್ನೆಗಳು ಬಂದವು. ಒಂದೇ ಆಸ್ಪತ್ರೆ. ಬರೆಯದೆ ಹೋದವರು. "ಅವರು ನನ್ನ ಪ್ರಬಂಧದ ಹೊರಗಿದ್ದಾರೆ. ಎಷ್ಟು ಜನ ಬಂದ್ರು, ಎಷ್ಟು ಜನ ಬರೆದ್ರು ಅಂತ ಹನ್ನೆರಡು ದಿನ ಎಣಿಸಿದೀನಿ, ಪುಟ ಅರವತ್ತನಾಲ್ಕು. ಐದು ಜನಕ್ಕೆ ಒಬ್ಬರು ಬರೀತಿದ್ರು. ಹಾಗಾಗಿ ನಾನು ಹೇಳೋದು ಬರೆದ ಪ್ರಾರ್ಥನೆ ಬಗ್ಗೆ ಮಾತ್ರ." ನರ್ಸಿನ ಪ್ರಶ್ನೆ ಬಂತು. ಅವಳು ಮಂಡಿಯೂರಿದ್ದವರ ಕಥೆ ಹೇಳಿದಳು. ಒಳಗಿನ ಪರೀಕ್ಷಕಿ ಬರೆಯುವುದನ್ನು ನಿಲ್ಲಿಸಿ ಕೇಳಿದರು.

ಆಸೆಯೆಲ್ಲ ಧರ್ಮವಾದರೆ ಧರ್ಮವಲ್ಲದ್ದು ಯಾವುದು ಎಂಬ ಪ್ರಶ್ನೆಯೂ ಬಂತು. ತಾನು ಧರ್ಮವನ್ನು ನಂಬಿಕೆಯಾಗಿ ಅಲ್ಲ, ಜನ ಮಾಡುವ ಒಂದು ಕೆಲಸವಾಗಿ ನೋಡಿದ್ದೇನೆ, ಅದಕ್ಕೆಂದು ಮೀಸಲಾದ ಜಾಗ, ಕೂರುವ ರೀತಿ, ತಗ್ಗಿದ ದನಿ ಇವು ಜೊತೆಗಿದ್ದಲ್ಲಿ ಮಾತ್ರ ಆ ಪದ ಬಳಸಿದ್ದೇನೆ ಎಂದಳು.

"ಒಪ್ಪಿದೆ," ಎಂದರು ಒಳಗಿನ ಪರೀಕ್ಷಕಿ. "ಇದೇ ಪುಸ್ತಕಾನ ಆಸ್ಪತ್ರೆ ಕ್ಯಾಂಟೀನಿನಲ್ಲಿ ಇಟ್ಟಿದ್ರೆ ಜನ ಏನು ಬರೀತಿದ್ರು?"

ಇದು ಯಾವ ಚೀಟಿಯಲ್ಲೂ ಇರಲಿಲ್ಲ. ಆದರೂ ಸಿಸ್ಟರಿಗೆ ಯಾಕೋ ಹೆದರಿಕೆಯಾಗಲಿಲ್ಲ. ಗೊತ್ತಿಲ್ಲದ್ದನ್ನು ಹೇಗೆ ಎದುರಿಸಬೇಕೆಂದು ಈ ಒಂಬತ್ತು ದಿನದಲ್ಲಿ ಕಲಿತಾಗಿತ್ತು.

"ಗೊತ್ತಿಲ್ಲ ಮೇಡಂ. ಹೋಲಿಸೋಕೆ ನಾನು ಬೇರೆ ಜಾಗ ನೋಡಿಲ್ಲ. ಮುಂಬಾಗಿಲಲ್ಲಿ ದೂರಿನ ಪುಸ್ತಕ ಇದೆ. ಅದ್ರಲ್ಲಿ ಎಲ್ಲರೂ ಹೆಸರು, ಫೋನ್ ನಂಬರ್ ಬರೀತಾರೆ, ಉತ್ತರ ಬರಲಿ ಅಂತ. ಈ ಕೋಣೇಲಿ ನಂಬರ್ ಬರೆದವರು ಒಬ್ಬರೂ ಇಲ್ಲ. ಆದ್ರೆ ಇದು ನರ್ಸಾಗಿ ನಾನು ಕಂಡದ್ದು, ಸಂಶೋಧನೆ ಅಲ್ಲ. ಮಾಡಬೇಕಾಗಿತ್ತು."

ಪರೀಕ್ಷಕಿ ನಕ್ಕು ಏನೋ ಬರೆದುಕೊಂಡರು.

ಒಂದು ಗಂಟೆ ಕಳೆಯಿತು. ಉಳಿಸು, ಉಳಿಸಿಯ ಮಾತು ಯಾರೂ ಎತ್ತಲಿಲ್ಲ. ಬೆಳ್ಳಿ ಗಡ್ಡದವರು ಐದನೇ ಅಧ್ಯಾಯವನ್ನು ಹೊಗಳಿದರು. "ಈ ನಾನೂರಾ ಹನ್ನೆರಡು ಅನ್ನೋದು ಬಹಳ ದೊಡ್ಡ ಶೋಧ" ಎಂದರು. ಹೊಗಳಿಕೆ ಕೇಳುತ್ತ ಅವಳು ಎಣಿಕೆಯ ಹಾಳೆಯಿದ್ದ ಫೈಲಿನ ಮೇಲೆ ಕೈಯಿಟ್ಟಳು. ಇಲ್ಲಿಗೆ ಬಿಟ್ಟರೆ ಮುಗಿಯಿತು. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವಳನ್ನು ಬಿಟ್ಟರೆ ಗೊತ್ತಿರುವುದು ಮೂರು ಜನಕ್ಕೆ, ಆ ಮೂವರೂ ಅವಳವರೇ.

"ಕೊನೇದಾಗಿ," ಎಂದರು ಅವರು ಕಾಗದ ಜೋಡಿಸುತ್ತ, "ಇವತ್ತು ಇದನ್ನ ಮತ್ತೆ ಬರೆಯೋದಾದ್ರೆ ಏನು ಬದಲಾಯಿಸ್ತೀರಿ?"

ಇದಕ್ಕೊಂದು ಸುಲಭದ ಉತ್ತರ ಚೀಟಿಯಲ್ಲಿತ್ತು: ಇನ್ನೊಂದು ಆಸ್ಪತ್ರೆಯನ್ನು ಸೇರಿಸುತ್ತೇನೆ. ಅದು ನಾಲಿಗೆಯ ತುದಿಗೂ ಬಂತು. ಅವಳಿಗೆ ಕಿಟಕಿಯ ಕಟ್ಟೆಯ ಮೇಲೆ ಆದರಕ್ಕ ಇಟ್ಟ ಚಹಾ, ಗಂಡನ ಕೆಂಪು ಕಣ್ಣು ನೆನಪಾದವು. ಅಷ್ಟು ಜನ ಕೈ ಹಿಡಿದು ತೋರಿಸಿದ್ದನ್ನು ಜೇಬಿನಲ್ಲಿಟ್ಟುಕೊಂಡು ಎದ್ದು ಹೋಗುವುದು ಅವಳಿಂದಾಗಲಿಲ್ಲ.

"ಐದನೇ ಅಧ್ಯಾಯ ಸಾರ್," ಎಂದು ಹಾಳೆ ತೆಗೆದು ಮೇಜಿನ ಮೇಲೆ ಸರಿಸಿದಳು. "ಆ ನಾನೂರಾ ಹನ್ನೆರಡು ತಪ್ಪು."

ಏಕವಚನ, ಬಹುವಚನ, ರೋಗಿಗೆ ಹೇಳಿದ್ದು, ಯಾರಿಗೂ ಹೇಳದ್ದು, ಎಲ್ಲವನ್ನೂ ಹೇಳಿದಳು. ಇದನ್ನು ತಾನಾಗಿ ಕಂಡುಕೊಂಡದ್ದಲ್ಲ, ವಿಭಾಗದ ಅಧ್ಯಾಪಕಿಯೊಬ್ಬರು ತೋರಿಸಿದ್ದು, ಎಣಿಸಲು ಗಂಡ ಜೊತೆಗಿದ್ದದ್ದು ಎಂಬುದನ್ನೂ ಹೇಳಿದಳು. "ನನ್ನ ವಾದ ಚಿಕ್ಕದಾಯ್ತು. ಆದ್ರೆ ಈಗ ಉಳಿದಿರೋದನ್ನ ನಾನು ನಂಬ್ತೀನಿ. ಈ ಎಂಬತ್ತೈದರಲ್ಲಿ ಬಯಸೋರಿದ್ದಾರೆ, ಕೇಳಿಸಿಕೊಳ್ಳೋರಿಲ್ಲ."

ಬೆಳ್ಳಿ ಗಡ್ಡದವರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. "ನಾನು ಇದನ್ನ ಗಮನಿಸಲಿಲ್ಲ," ಎಂದರು ನಿಧಾನವಾಗಿ. "ಗಮನಿಸಬೇಕಿತ್ತು. ನಾನೂ ದಿನಾ ಮಾತಾಡೋ ಭಾಷೆ ತಾನೇ ಇದು."

ಅವಳನ್ನು ಹೊರಗೆ ಕಳುಹಿಸಿದರು. ಇಪ್ಪತ್ತೈದು ನಿಮಿಷ. ಕಾರಿಡಾರಿನ ಬೆಂಚಿನ ಮೇಲೆ ಆದರಕ್ಕ ಕೂತಿದ್ದಳು, ಪಾಠ ಬಿಟ್ಟು ಬಂದಿದ್ದಳು.

"ಕೇಳಿದ್ರಾ?"

"ಇಲ್ಲ. ನಾನೇ ಹೇಳ್ದೆ."

ಆದರಕ್ಕ ಬಾಯಿ ತೆರೆದಳು, ಮುಚ್ಚಿದಳು. ಆ ಬಾಯಿಂದ "ಆದರೆ" ಬಾರದ್ದನ್ನು ಸಿಸ್ಟರ್ ಅವತ್ತೇ ನೋಡಿದ್ದು.

ಒಳಗೆ ಕರೆದು ತೀರ್ಮಾನ ಹೇಳಿದರು. ಪದವಿಗೆ ಶಿಫಾರಸು, ತಿದ್ದುಪಡಿಗಳ ನಂತರ. ಐದನೇ ಅಧ್ಯಾಯ ಹೊಸದಾಗಿ ಬರೆಯಬೇಕು. ಆರು ತಿಂಗಳ ಅವಧಿ. ಅವಳು ಸುಮ್ಮನಿದ್ದಿದ್ದರೆ ಅಂದೇ ಮುಗಿಯುತ್ತಿತ್ತು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬೆಳ್ಳಿ ಗಡ್ಡದವರು ಎದ್ದು ಬಂದು ಕೈ ಕುಲುಕಿದರು. "ಆ ಅಧ್ಯಾಯ ಮುಗಿದ ದಿನ ನನಗೊಂದು ಪ್ರತಿ ಕಳಿಸಿ. ಪರೀಕ್ಷಕನಾಗಿ ಕೇಳ್ತಿಲ್ಲ."

ಅದನ್ನು ಬರೆಯಲು ಐದು ತಿಂಗಳು ಹಿಡಿಯಿತು. ಮೊದಲು ನಲವತ್ತು ಪುಟವಿದ್ದ ಅಧ್ಯಾಯ ಇಪ್ಪತ್ತಾರಕ್ಕೆ ಇಳಿಯಿತು. ಮೇಷ್ಟ್ರು ಓದಿ ಒಂದೇ ಒಂದು ಕಡೆ ಪೆನ್ಸಿಲ್ ಆಡಿಸಿದರು. ಅದು ಕೃತಜ್ಞತೆಯ ಪುಟದಲ್ಲಿ, ಅವರನ್ನು ಹೊಗಳಿದ ಪ್ಯಾರಾದ ಮೇಲೆ. "ನಾಲ್ಕು ಸಲ ಓದಿ ಕಾಣದವನಿಗೆ ಇಷ್ಟೆಲ್ಲ ಬೇಡ. ಒಂದು ಸಾಲು ಸಾಕು" ಎಂದು ಅಂಚಿನಲ್ಲಿ ಬರೆದಿದ್ದರು. ಆರು ವರ್ಷ ತನ್ನ ಪ್ರತಿ ವಾಕ್ಯವನ್ನು ತಿದ್ದಿದ ಮೇಷ್ಟ್ರ ಮಾತನ್ನು ಅವಳು ಮೊದಲ ಸಲ ಮೀರಿದಳು. ಪ್ಯಾರಾ ಹಾಗೆಯೇ ಉಳಿಸಿಕೊಂಡು, ಅದರ ಕೆಳಗೆ ಆದರಕ್ಕನ ನಿಜವಾದ ಹೆಸರು, ಗಂಡನ ಹೆಸರು ಸೇರಿಸಿದಳು. ಪುಸ್ತಕದಲ್ಲಿ ಬರೆದವರ ಹೆಸರು ಅವಳಿಗೆ ಗೊತ್ತಿರಲಿಲ್ಲ. ಅವರಿಗಾಗಿ ಕೊನೆಗೊಂದು ಸಾಲು ಬರೆಯಲು ಬಹಳ ಹೊತ್ತು ಒದ್ದಾಡಿದಳು. ಯಾರು ಯಾರಿಗೆ ಹೇಳುತ್ತಿದ್ದಾರೆಂದು ಕೇಳುವಂತಿರದ ಒಂದು ಸಾಲು ಕೊನೆಗೆ ಸಿಕ್ಕಿತು. ಅದನ್ನು ಟೈಪ್ ಮಾಡಿ, ಗಂಡನಿಗೆ ಪ್ರೂಫ್ ನೋಡಲು ಕೊಟ್ಟಳು.

"ಬರೆದವರೆಲ್ಲರ ಮನೆಯವರು ಮನೆಗೆ ಬಂದಿರಲಿ."

ಅವನು ಎರಡು ಸಲ ಓದಿ, ತಪ್ಪೇನಿಲ್ಲ ಎಂದ.